351ರಿಂದ 150ಕ್ಕೆ: ಅಜ್ಜಿಯ ಮಾತು ಉಳಿಸಿಕೊಂಡು ಕ್ಯಾಪ್ಷನ್ ಚಿಕ್ಕದು ಮಾಡುವುದು

ಪ್ರಶ್ನೆ: ಒಂದು ಫೋಟೋ ಸ್ಪರ್ಧೆಗೆ ಚಿತ್ರ ಕಳಿಸಬೇಕು. ಫಾರ್ಮಿನಲ್ಲಿ ಕ್ಯಾಪ್ಷನ್‌ಗೆ 150 ಅಕ್ಷರ ಅಷ್ಟೇ ಜಾಗ. ನಾನು ಬರೆದದ್ದು 351 ಅಂತ ತೋರಿಸ್ತಿದೆ. ಕೈಯಲ್ಲಿ ಎಣಿಸಿದರೆ ಅದರ ಅರ್ಧದ ಹತ್ತಿರ ಬರುತ್ತೆ, ಅದು ಯಾಕೋ ಗೊತ್ತಾಗ್ಲಿಲ್ಲ. ಕತ್ತರಿಸೋಕೆ ಹೋದರೆ ಸಪ್ಪೆ ಆಗುತ್ತೆ, ನಾನು ಬರೆದ ಹಾಗೇ ಇರಲ್ಲ. ಹೇಗೆ ಚಿಕ್ಕದು ಮಾಡಲಿ? ಬರೆದದ್ದು ಇದು:

> ಇದು ನಮ್ಮ ಅಜ್ಜಿಯ ಫೋಟೋ. ಕಳೆದ ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕದಲ್ಲಿ ಕುಳಿತುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು, ಬೆಳಕು ತುಂಬಾ ಚೆನ್ನಾಗಿತ್ತು ಅಂತ ತಕ್ಷಣ ಕ್ಯಾಮೆರಾ ತೆಗೆದುಕೊಂಡೆ. ಅಜ್ಜಿಗೆ ಈಗ 84 ವರ್ಷ, ಕನ್ನಡಕ ಹಾಕಿಕೊಳ್ಳಿ ಅಂದ್ರೆ ಕೇಳೋದೇ ಇಲ್ಲ. ನಾನು ಪೋಣಿಸಿ ಕೊಡ್ತೀನಿ ಅಂತ ಹೇಳಿದ್ದಕ್ಕೆ ‘ಕಣ್ಣಿಗೆ ಕಾಣಲ್ಲ ಕಣೋ, ಬೆರಳಿಗೆ ಗೊತ್ತು’ ಅಂತ ಹೇಳಿ ನಕ್ಕುಬಿಟ್ಟರು. ನಿಜವಾಗಲೂ ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!

ಉತ್ತರ: ಮೊದಲು ಎಣಿಕೆಯ ಗೊಂದಲ ಬಿಡಿಸಿಕೊಳ್ಳೋಣ. ಅದು ತಿಳಿಯದೆ ಕತ್ತರಿ ಹಿಡಿದರೆ ಎಲ್ಲಿ ಕತ್ತರಿಸಿದರೆ ಎಷ್ಟು ಉಳಿಯುತ್ತದೆ ಅಂತ ಗೊತ್ತಾಗುವುದಿಲ್ಲ.

ನಾವು ‘ಬಿಟ್ಟರು’ ಪದವನ್ನು ಬಿ, ಟ್ಟ, ರು ಅಂತ ಮೂರು ಅಕ್ಷರವಾಗಿ ಓದುತ್ತೇವೆ. ಕಂಪ್ಯೂಟರ್ ಹಾಗೆ ಓದುವುದಿಲ್ಲ. ಅದರ ಒಳಗೆ ಪ್ರತಿ ವ್ಯಂಜನಕ್ಕೆ ಒಂದು, ಪ್ರತಿ ಗುಣಿತದ ಗುರುತಿಗೆ ಒಂದು, ಒತ್ತಕ್ಷರ ಮಾಡುವ ಹಲಂತಕ್ಕೆ ಇನ್ನೊಂದು ಹೀಗೆ ಬಿಡಿಬಿಡಿಯಾಗಿ ಸೇರಿರುತ್ತದೆ. ಬ, ಗುಡಿಸು, ಟ, ಹಲಂತ, ಟ, ರ, ಕೊಂಬು. ಒಟ್ಟು ಏಳು. ‘ಪೋಣಿಸುತ್ತಿದ್ದರು’ ನಮಗೆ ಆರು ಅಕ್ಷರ, ಫಾರ್ಮಿಗೆ ಹದಿನೈದು. ಮೇಲಿಂದ ಪ್ರತಿ ಖಾಲಿ ಜಾಗಕ್ಕೂ ಚುಕ್ಕಿಗೂ ಒಂದೊಂದು. ನಿಮ್ಮ 351 ಬಂದದ್ದು ಹೀಗೆ. ನಾನೂ ಎಣಿಸಿ ನೋಡಿದೆ, ಫಾರ್ಮು ಹೇಳಿದ್ದು ಸರಿಯಾಗಿದೆ.

ಎಲ್ಲ ಕಡೆಯೂ ಹೀಗೇ ಎಣಿಸುತ್ತಾರೆ ಅಂತಲ್ಲ. ಬೇರೆ ಯಾವುದಾದರೂ ಫಾರ್ಮು ಎದುರಾದಾಗ ಅದರ ಲೆಕ್ಕ ಯಾವುದು ಅಂತ ತಿಳಿಯೋಕೆ ನಾನು ಒಂದು ಪದ ಹಾಕಿ ನೋಡುತ್ತೇನೆ: ‘ಸ್ತ್ರೀ’. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಎಣಿಕೆ 6 ಅಂತ ತೋರಿಸಿದರೆ ಮೇಲೆ ಹೇಳಿದ ಲೆಕ್ಕ. 3 ಅಂತ ತೋರಿಸಿದರೆ ಅದು ಸ್, ತ್, ರೀ ಅಂತ ತುಂಡು ಮಾಡಿ ಎಣಿಸುತ್ತಿದೆ. 18 ಅಂತ ಬಂದರೆ ಅದು ಬೈಟ್ ಲೆಕ್ಕ. ಸಾಮಾನ್ಯವಾಗಿ ಬಳಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್ ಬೇಕು. ಅಲ್ಲಿ 150 ಅಂದರೆ ನಿಜಕ್ಕೂ ಐವತ್ತೇ ಗುರುತಿನ ಜಾಗ, ಬೇರೆಯದೇ ಕ್ಯಾಪ್ಷನ್ ಬರೆಯಬೇಕಾಗುತ್ತದೆ. ನಿಮ್ಮದು 6ರ ಲೆಕ್ಕದ ಫಾರ್ಮು. ಪ್ರತಿ ಸಲ ಫಾರ್ಮಿಗೆ ಹೋಗಿ ನೋಡುವ ಬದಲು ಒಂದು ಸ್ಪ್ರೆಡ್‌ಶೀಟಿನ A1 ಚೌಕದಲ್ಲಿ ಕ್ಯಾಪ್ಷನ್ ಬರೆದು, ಪಕ್ಕದ ಚೌಕದಲ್ಲಿ ಇದನ್ನು ಹಾಕಿಕೊಂಡರೆ ತಿದ್ದಿದ ಹಾಗೆಲ್ಲ ಅದೇ ಲೆಕ್ಕ ಕಣ್ಣ ಮುಂದೆ ಬರುತ್ತದೆ:

```
=LEN(A1)
```

ಈಗ ಕತ್ತರಿಸುವ ಕೆಲಸ. ಹೆಚ್ಚಿನವರು ಮಾಡುವ ರೀತಿಯಲ್ಲಿ ಮೊದಲು ಮಾಡಿ ತೋರಿಸುತ್ತೇನೆ. ಅಂದರೆ, ಎಲ್ಲ ವಿಷಯವನ್ನೂ ಉಳಿಸಿಕೊಂಡು ಪ್ರತಿ ವಾಕ್ಯವನ್ನೂ ಸ್ವಲ್ಪ ಸ್ವಲ್ಪ ಹಿಂಡುವುದು:

> ಅಜ್ಜಿ ಭಾನುವಾರ ಕಿಟಕಿ ಪಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದರು. ವಯಸ್ಸು 84, ಕನ್ನಡಕ ಹಾಕಲ್ಲ. ನೆರವು ಬೇಡವೆಂದು, ಬೆರಳಿಗೆ ಅಭ್ಯಾಸವಿದೆ ಎಂದು ನಕ್ಕು, ಒಂದೇ ಸಲಕ್ಕೆ ಪೋಣಿಸಿದರು.

ಇದು 148. ಫಾರ್ಮು ಒಪ್ಪಿಕೊಳ್ಳುತ್ತದೆ. ನೀವು ಹೇಳಿದ ಸಪ್ಪೆ ಅಂದರೆ ಇದೇ ಅಲ್ವಾ? ಭಾನುವಾರ ಇದೆ, ಕಿಟಕಿ ಇದೆ, ವಯಸ್ಸು ಇದೆ, ಹೆಚ್ಚೇನೂ ಬಿಟ್ಟುಹೋಗಿಲ್ಲ. ಆದರೆ ಅಜ್ಜಿಯೂ ಇಲ್ಲ, ಮೊಮ್ಮಗನೂ ಇಲ್ಲ. ಯಾರೋ ಮೂರನೆಯವರು ನಿಂತು ನೋಡಿ ವರದಿ ಕೊಟ್ಟ ಹಾಗಿದೆ. ಎಲ್ಲವನ್ನೂ ಸಮಸಮವಾಗಿ ಹಿಂಡಿದಾಗ ಮೊದಲು ಸೋರಿಹೋಗುವುದು ದನಿ. ಯಾಕೆಂದರೆ ಕಣೋ, ಕೇಳೋದೇ, ಬಿಟ್ಟರು ಇಂಥವು ಮಾಹಿತಿಯ ಕಣ್ಣಿಗೆ ದಂಡ ಅಂತ ಕಾಣುತ್ತವೆ. ಕತ್ತರಿ ಅಲ್ಲಿಗೇ ಮೊದಲು ಹೋಗುತ್ತದೆ.

ಹಾಗಾಗಿ ನಾನು ಕತ್ತರಿ ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಬರೆದದ್ದನ್ನು ಸುಮ್ನೆ 150ನೇ ಗುರುತಿಗೆ ಕಡಿದು ನೋಡುವುದು. ನಿಮ್ಮದನ್ನು ಅಲ್ಲಿ ಕಡಿದರೆ ಕೊನೆಯ ಪದಗಳು ಇವು: ‘ತಕ್ಷಣ ಕ್ಯಾಮೆರಾ ತೆಗೆದ’. ‘ತೆಗೆದುಕೊಂಡೆ’ ಅರ್ಧಕ್ಕೆ ತುಂಡಾಗಿ, ಬೇರೆ ಯಾರೋ ಕ್ಯಾಮೆರಾ ತೆಗೆದ ಅನ್ನುವ ಅರ್ಥ ಬಂದುಬಿಟ್ಟಿದೆ. ಇದು ಬರೀ ಪರೀಕ್ಷೆಯ ಮಾತಲ್ಲ. ಎಷ್ಟೋ ಫಾರ್ಮುಗಳು ಅಂಟಿಸಿದ ಬರಹವನ್ನು ಒಂದು ಮಾತೂ ಹೇಳದೆ ಹೀಗೇ ಕಡಿದುಹಾಕುತ್ತವೆ. ಆದ್ದರಿಂದ ಅಂಟಿಸಿದ ಮೇಲೆ ಕೊನೆಯ ಪದವನ್ನು ಒಮ್ಮೆ ನೋಡಲೇಬೇಕು.

ಆದರೆ ಈ ಪರೀಕ್ಷೆ ಹೇಳುವ ದೊಡ್ಡ ವಿಷಯ ಬೇರೆ ಇದೆ. 150 ಗುರುತು ಖರ್ಚಾದರೂ ಅಜ್ಜಿ ಇನ್ನೂ ಬಾಯಿ ಬಿಟ್ಟಿಲ್ಲ. ನಿಮ್ಮ ಮೊದಲ ಎರಡು ವಾಕ್ಯಗಳೇ 157 ತಿಂದಿವೆ. ಅವು ಏನು ಹೇಳುತ್ತವೆ? ಇದು ಫೋಟೋ, ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಾರೆ, ಸೂಜಿ ಹಿಡಿದಿದ್ದಾರೆ, ಬೆಳಕು ಚೆನ್ನಾಗಿದೆ, ನೀವು ಕ್ಯಾಮೆರಾ ಹಿಡಿದಿರಿ. ಇದೆಲ್ಲ ಫೋಟೋದಲ್ಲೇ ಇದೆ! ನೋಡುವವರು ಕ್ಯಾಪ್ಷನ್ ಓದುವ ಹೊತ್ತಿಗೆ ಕಿಟಕಿಯನ್ನೂ ಬೆಳಕನ್ನೂ ನೋಡಿ ಆಗಿರುತ್ತದೆ. ಭಾನುವಾರ ಒಂದೇ ಫೋಟೋದಲ್ಲಿ ಇಲ್ಲದ್ದು. ಸೋಮವಾರ ಆಗಿದ್ದರೂ ಈ ಕಥೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಉದ್ದ ಕ್ಯಾಪ್ಷನ್‌ಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ. ಬರೆಯುವವರು ತಮಗೆ ನೆನಪಾದ ಕ್ರಮದಲ್ಲಿ ಬರೆಯುತ್ತಾರೆ. ಯಾವ ದಿನ, ಎಲ್ಲಿ, ಹೇಗೆ ಶುರುವಾಯ್ತು, ಆಮೇಲೆ ಏನಾಯ್ತು. ಮುಖ್ಯವಾದದ್ದು ಕೊನೆಗೆ ಬರುತ್ತದೆ, ಯಾಕೆಂದರೆ ನಡೆದದ್ದೂ ಕೊನೆಗೇ. ಮೊದಲ ಸಲ ಬರೆಯುವಾಗ ಹಾಗೆ ಬರೆಯುವುದು ತಪ್ಪಲ್ಲ, ನಾನೂ ಹಾಗೇ ಬರೆಯುತ್ತೇನೆ. ಆದರೆ ಆ ಪೀಠಿಕೆ ನಮ್ಮನ್ನು ವಿಷಯದ ತನಕ ತಂದುಬಿಟ್ಟ ಮೇಲೆ ಅದರ ಕೆಲಸ ಮುಗಿಯಿತು. ಎರಡು ವಾಕ್ಯಗಳನ್ನೂ ಪೂರ್ತಿ ತೆಗೆಯಿರಿ. ಒಂದೇ ಏಟಿಗೆ 351 ಹೋಗಿ 193 ಉಳಿಯಿತು. ನೀವು 201 ಕಡಿಮೆ ಮಾಡಬೇಕಿತ್ತು, ಈಗ ಬರೀ 43. ಉಳಿದ ಮಾತುಗಳಲ್ಲಿ ಒಂದನ್ನೂ ಇನ್ನೂ ಮುಟ್ಟಿಲ್ಲ. ಪದ ಹಿಂಡುವ ಮೊದಲು ವಾಕ್ಯ ತೆಗೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಉಳಿಯುವ ವಾಕ್ಯಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಮುಂದಿನ ಹೆಜ್ಜೆ, ಕತ್ತರಿ ಮುಟ್ಟಬಾರದ ಕಡೆ ಗೆರೆ ಎಳೆಯುವುದು. ಎರಡು ಬಣ್ಣ ಇಟ್ಟುಕೊಳ್ಳಿ. ಒಂದು ಬಣ್ಣ ವಿಷಯಕ್ಕೆ. ಫೋಟೋ ಹೇಳಲಾರದ, ಇದಿಲ್ಲದಿದ್ದರೆ ಕ್ಯಾಪ್ಷನ್ನೇ ಬೇಡ ಅನ್ನುವ ಮಾತು ಯಾವುದು? ನಿಮ್ಮದರಲ್ಲಿ ಅದು ಅಜ್ಜಿ ಆಡಿದ ಮಾತು, ಮತ್ತು ಅವರು ಆಡಿದ ಹಾಗೇ ಮಾಡಿ ತೋರಿಸಿದ್ದು. ‘ಕಣ್ಣಿಗೆ ಕಾಣಲ್ಲ ಕಣೋ, ಬೆರಳಿಗೆ ಗೊತ್ತು’ ಉದ್ಧರಣ ಚಿಹ್ನೆ ಸೇರಿ 36. ‘ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!’ ಅನ್ನುವುದು 29. ಎರಡೂ ಸೇರಿದರೆ 65, ಅರ್ಧ ಜಾಗವೂ ಆಗಲಿಲ್ಲ.

ಇನ್ನೊಂದು ಬಣ್ಣ ದನಿಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ದನಿ ಅನ್ನುವುದು ಬರಹದ ಉದ್ದಕ್ಕೂ ಹರಡಿಕೊಂಡಿರುತ್ತದೆ ಅಂತ ನಮಗೆ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಹಾಗಿಲ್ಲ, ಅದು ಎರಡು ಮೂರು ಕಡೆ ಮಾತ್ರ ಕೂತಿರುತ್ತದೆ. ನಿಮ್ಮ ಬರಹದಲ್ಲಿ ಆ ಜಾಗಗಳು ಇವು. ಒಂದು, ‘ಕಣೋ’. ಆ ಮಾತು ಯಾರು ಯಾರಿಗೆ ಹೇಳಿದರು, ಎಷ್ಟು ಸಲಿಗೆಯಿಂದ ಹೇಳಿದರು ಅನ್ನುವುದೆಲ್ಲ ಅದರಲ್ಲೇ ಇದೆ. ‘ನಮ್ಮ ಅಜ್ಜಿ’ ಅಂತ ಬೇರೆಯಾಗಿ ಹೇಳಬೇಕಾಗಿಲ್ಲ. ಎರಡು, ‘ಕೇಳೋದೇ ಇಲ್ಲ’ ಅನ್ನುವಲ್ಲಿನ ಆ ‘ಏ’. ಅದು ಎಷ್ಟೋ ಸಲ ಹೇಳಿ ಸೋತ ಮೊಮ್ಮಗನ ದನಿ. ಮೂರು, ‘ಪೋಣಿಸಿಯೇ ಬಿಟ್ಟರು’. ಬರೀ ‘ಪೋಣಿಸಿದರು’ ಅಂದರೆ ಕೆಲಸ ಆಯಿತು ಅಂತ ಅರ್ಥ. ‘ಪೋಣಿಸಿಯೇ ಬಿಟ್ಟರು’ ಅಂದರೆ ನೀವು ನೋಡುತ್ತಾ ನೋಡುತ್ತಾ ಬೆರಗಾದಿರಿ ಅಂತ ಅರ್ಥ.

ಈ ಮೂರಕ್ಕೆ ತಗಲುವ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದೆ. ‘ಕಣೋ’ ಹಿಂದಿನ ಖಾಲಿ ಜಾಗ ಸೇರಿ 4. ‘ಕೇಳಲ್ಲ’ ಬದಲು ‘ಕೇಳೋದೇ ಇಲ್ಲ’ ಅಂದರೆ 5 ಜಾಸ್ತಿ. ‘ಪೋಣಿಸಿದರು’ ಬದಲು ‘ಪೋಣಿಸಿಯೇ ಬಿಟ್ಟರು’ ಅಂದರೆ 7 ಜಾಸ್ತಿ. ಒಟ್ಟು 16. ನೂರೈವತ್ತರಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಟ್ಟರೆ ನಿಮ್ಮ ದನಿ ಪೂರ್ತಿ ಉಳಿಯುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಅದನ್ನು ಕತ್ತರಿಸಲು ಕೈ ಬರುವುದಿಲ್ಲ, ಬರಬಾರದು ಕೂಡ.

ಅಜ್ಜಿಯ ಮಾತಿನ ಬಗ್ಗೆ ಇನ್ನೊಂದು. ಬೇರೆಯವರು ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟ ಮೇಲೆ ಒಳಗೆ ಕೈ ಹಾಕಬಾರದು. ಜಾಗ ಸಾಲದಿದ್ದರೆ ಹೊರಗೆ ಕತ್ತರಿಸಿ. ಮೇಲಿನ ಸಪ್ಪೆ ರೂಪದಲ್ಲಿ ‘ಬೆರಳಿಗೆ ಅಭ್ಯಾಸವಿದೆ’ ಅಂತ ಮಾಡಿದೆನಲ್ಲ, ಅದು ಅಜ್ಜಿ ಹೇಳಿದ್ದೇ ಅಲ್ಲ. ‘ಗೊತ್ತು’ ಅಂದಾಗ ಬೆರಳಿಗೇ ಒಂದು ಬುದ್ಧಿ ಇದೆ ಅನ್ನಿಸುತ್ತದೆ. ‘ಅಭ್ಯಾಸ’ ಅಂದಾಗ ಅದು ಹೋಯಿತು.

ಈಗ ಉಳಿದ 193ರ ಮೇಲೆ ಪದ ಪದವಾಗಿ ಕೆಲಸ. ‘ಅಜ್ಜಿಗೆ ಈಗ 84 ವರ್ಷ,’ ಅನ್ನುವುದು 19. ‘ಅಜ್ಜಿಗೆ 84.’ ಅಂದರೆ 11. ಅಂಕಿಯನ್ನು ಅಂಕಿಯಲ್ಲೇ ಬರೆದಿದ್ದೀರಿ, ಒಳ್ಳೆಯದಾಯಿತು. ‘ಎಂಬತ್ತನಾಲ್ಕು’ ಅಂತ ಬರೆದಿದ್ದರೆ ಅದೊಂದಕ್ಕೇ 12 ಹೋಗುತ್ತಿತ್ತು, ಅಂಕಿಗೆ ಎರಡೇ. ವಯಸ್ಸನ್ನು ಉಳಿಸಿಕೊಳ್ಳಲೇಬೇಕು. ಬೆರಳಿಗೆ ಗೊತ್ತು ಅನ್ನುವ ಮಾತಿಗೆ ತೂಕ ಬರುವುದು ಆ ಅಂಕಿಯಿಂದ.

‘ಹಾಕಿಕೊಳ್ಳಿ’ 10. ಇಲ್ಲಿ ಹೆಚ್ಚಿನವರು ‘ಹಾಕ್ಕೊಳ್ಳಿ’ ಅಂತ ಮಾತಿನ ರೂಪಕ್ಕೆ ತಿರುಗಿಸಿ ಉಳಿತಾಯವಾಯಿತು ಅಂದುಕೊಳ್ಳುತ್ತಾರೆ. ಎಣಿಸಿ ನೋಡಿ, ಅದೂ 10. ಬಾಯಲ್ಲಿ ಒಂದು ಅಕ್ಷರ ಕಡಿಮೆಯಾಯಿತು, ಆದರೆ ಗುಡಿಸು ಹೋದ ಜಾಗಕ್ಕೆ ಹಲಂತ ಬಂದು ಕೂತಿತು. ಕೆಲವು ಕಡೆ ಉಲ್ಟಾ ನಷ್ಟವೇ ಆಗುತ್ತದೆ. ‘ಅಂದರೆ’ 5, ‘ಅಂದ್ರೆ’ 6. ‘ಬಂದರು’ 5, ‘ಬಂದ್ರು’ 6. ಯಾಕೆ ಅಂದರೆ ‘ದ’ ಮತ್ತು ‘ರ’ ಸುಮ್ನೆ ಪಕ್ಕಪಕ್ಕ ಇದ್ದಾಗ ಎರಡೇ ಗುರುತು, ಅವನ್ನು ಒತ್ತಕ್ಷರ ಮಾಡಲು ನಡುವೆ ಒಂದು ಹಲಂತ ಬೇಕು. ನಿಜವಾಗಿ ಉಳಿತಾಯ ಆಗುವುದು ಇಡೀ ಒಂದು ತುಂಡು ಬಿದ್ದುಹೋಗುವ ಕಡೆ. ‘ಕೇಳುವುದೇ’ 8 ಇದ್ದದ್ದು ‘ಕೇಳೋದೇ’ ಆದಾಗ 6, ‘ಕೊಡುತ್ತೇನೆ’ 10 ಇದ್ದದ್ದು ‘ಕೊಡ್ತೀನಿ’ ಆದಾಗ 8. ಹಾಗಾಗಿ ಮಾತಿನ ರೂಪವನ್ನು ಜಾಗ ಉಳಿಸಲು ಅಂತ ಬಳಸಬೇಡಿ, ಅದು ನಿಮ್ಮ ದನಿ ಆಗಿದ್ದರೆ ಮಾತ್ರ ಬಳಸಿ. ನಿಮ್ಮ ‘ಅಂದ್ರೆ’ಯನ್ನು ನಾನು ಮುಟ್ಟುವುದಿಲ್ಲ. ಒಂದು ಗುರುತಿಗೋಸ್ಕರ ಅದನ್ನು ‘ಅಂದರೆ’ ಮಾಡಿದರೆ ಪಕ್ಕದ ‘ಕೇಳೋದೇ ಇಲ್ಲ’ಕ್ಕೆ ಹೊಂದುವುದಿಲ್ಲ.

‘ಹಾಕಿಕೊಳ್ಳಿ’ಯನ್ನು ಸೀದಾ ‘ಹಾಕಿ’ ಮಾಡಿದೆ, 6 ಉಳಿಯಿತು. ಕನ್ನಡಕದ ಮಾತಾದ್ದರಿಂದ ಯಾರ ಕಣ್ಣಿಗೆ ಅನ್ನುವ ಗೊಂದಲ ಬರುವುದಿಲ್ಲ. ‘ಅಂತ ಹೇಳಿದ್ದಕ್ಕೆ’ ಅನ್ನುವುದು ‘ಅಂದಿದ್ದಕ್ಕೆ’ ಆಯಿತು, 4. ‘ಅಂತ ಹೇಳಿ ನಕ್ಕುಬಿಟ್ಟರು’ ಅನ್ನುವಲ್ಲಿ ‘ಹೇಳಿ’ ಬೇಡ, ‘ಅಂತ’ ಅಂದಾಗಲೇ ಹೇಳಿದ್ದಾಯಿತು, 5. ‘ನಿಜವಾಗಲೂ’ ಹೋಗಲಿ, 9. ಪೋಣಿಸಿಯೇ ಬಿಟ್ಟರು ಅಂದ ಮೇಲೆ ನಿಜವಾಗಲೂ ಅಂತ ಸಾಕ್ಷಿ ಯಾಕೆ? ಈಗ ಹೀಗಿದೆ:

> ಅಜ್ಜಿಗೆ 84. ಕನ್ನಡಕ ಹಾಕಿ ಅಂದ್ರೆ ಕೇಳೋದೇ ಇಲ್ಲ. ನಾನು ಪೋಣಿಸಿ ಕೊಡ್ತೀನಿ ಅಂದಿದ್ದಕ್ಕೆ ‘ಕಣ್ಣಿಗೆ ಕಾಣಲ್ಲ ಕಣೋ, ಬೆರಳಿಗೆ ಗೊತ್ತು’ ಅಂತ ನಕ್ಕುಬಿಟ್ಟರು. ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!

161. ಇನ್ನು ಹನ್ನೊಂದು. ಈ ಕೊನೆಯ ಹತ್ತು ಹನ್ನೊಂದೇ ಕಷ್ಟದ್ದು. ಜನ ಇಲ್ಲಿಗೆ ಬಂದಾಗ ಬೇಸತ್ತು ಚುಕ್ಕಿಯ ಮುಂದಿನ ಖಾಲಿ ಜಾಗ ತೆಗೆಯುತ್ತಾರೆ, ಪದಗಳನ್ನು ಅಂಟಿಸುತ್ತಾರೆ, ಅರ್ಧ ಪದ ಬರೆದು ಚುಕ್ಕಿ ಇಡುತ್ತಾರೆ. ಓದುವವರಿಗೆ ಅದು ಇಕ್ಕಟ್ಟಿನಲ್ಲಿ ಬರೆದದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ಯಾರು ಮಾಡಿದರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ‘ಕೊಡ್ತೀನಿ’ ಅಂದರೆ ನಾನೇ, ಬೇರೆ ಯಾರೂ ಆಗಲು ಸಾಧ್ಯವಿಲ್ಲ. ‘ನಾನು’ ತೆಗೆಯಿರಿ, ಖಾಲಿ ಜಾಗ ಸೇರಿ 5 ಉಳಿಯಿತು, 156. ‘ಅಂದಿದ್ದಕ್ಕೆ’ 11. ಅದನ್ನು ‘ಅಂದೆ.’ ಮಾಡಿ ವಾಕ್ಯವನ್ನು ಅಲ್ಲೇ ನಿಲ್ಲಿಸಿದರೆ ಚುಕ್ಕಿ ಸೇರಿ 5. ಈಗ ಸರಿಯಾಗಿ 150.

ಎಷ್ಟೋ ಜನ ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನೀವು ನಿಲ್ಲಬೇಡಿ. ಗಟ್ಟಿಯಾಗಿ ಒಮ್ಮೆ ಓದಿ. ‘ನಕ್ಕುಬಿಟ್ಟರು. ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!’ ಉದ್ದ ಬರಹದಲ್ಲಿ ‘ನಿಜವಾಗಲೂ’ ನಡುವೆ ಇದ್ದದ್ದರಿಂದ ಗೊತ್ತಾಗುತ್ತಿರಲಿಲ್ಲ, ಈಗ ಎರಡು ‘ಬಿಟ್ಟರು’ ಹತ್ತಿರ ಬಂದು ಒಂದರ ಬಲವನ್ನು ಒಂದು ತಿನ್ನುತ್ತಿವೆ. ಚಿಕ್ಕದು ಮಾಡಿದಾಗ ಇದು ಯಾವಾಗಲೂ ಆಗುತ್ತದೆ. ದೂರದಲ್ಲಿದ್ದ ಪದಗಳು ಅಕ್ಕಪಕ್ಕಕ್ಕೆ ಬರುತ್ತವೆ. ಯಾವ ‘ಬಿಟ್ಟರು’ ಮುಖ್ಯ? ಎರಡನೆಯದು. ಮೊದಲನೆಯದನ್ನು ‘ನಕ್ಕರು’ ಮಾಡಿದೆ. 6 ಉಳಿಯಿತು, 144.

ಈಗ ಕೈಯಲ್ಲಿ ಆರು ಇವೆ. ಏನು ವಾಪಸ್ ತರಬಹುದು? ‘ಪೋಣಿಸಿ ಕೊಡ್ತೀನಿ’ ಅನ್ನುವುದನ್ನು ನೋಡಿ. ಏನು ಪೋಣಿಸುವುದು? ಎರಡನೇ ವಾಕ್ಯ ತೆಗೆದಾಗ ಸೂಜಿಯೂ ದಾರವೂ ಅದರ ಜೊತೆ ಹೋಗಿದ್ದವು. ಫೋಟೋ ದೊಡ್ಡದಾಗಿ ತೆರೆದವರಿಗೆ ಸೂಜಿ ಕಾಣುತ್ತದೆ. ಚಿಕ್ಕ ಚೌಕದಲ್ಲಿ ನೋಡುವವರಿಗೆ ಹೂ ಪೋಣಿಸುವುದೋ ಮಣಿ ಪೋಣಿಸುವುದೋ ಗೊತ್ತಾಗದು. ‘ದಾರ’ ಅನ್ನುವ ಪದ ಖಾಲಿ ಜಾಗ ಸೇರಿ ನಾಲ್ಕೇ. ತಂದು ಕೂರಿಸಿದೆ:

> ಅಜ್ಜಿಗೆ 84. ಕನ್ನಡಕ ಹಾಕಿ ಅಂದ್ರೆ ಕೇಳೋದೇ ಇಲ್ಲ. ದಾರ ಪೋಣಿಸಿ ಕೊಡ್ತೀನಿ ಅಂದೆ. ‘ಕಣ್ಣಿಗೆ ಕಾಣಲ್ಲ ಕಣೋ, ಬೆರಳಿಗೆ ಗೊತ್ತು’ ಅಂತ ನಕ್ಕರು. ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!

148. ಮೇಲಿನ ಸಪ್ಪೆ ರೂಪವೂ ಸರಿಯಾಗಿ 148 ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಅಳತೆ ಒಂದೇ, ಆದರೆ ಇದರಲ್ಲಿ ನೀವು ಮಾತಾಡುತ್ತಿದ್ದೀರಿ. ಇನ್ನೊಂದು ವಿಷಯ ತಾನಾಗೇ ಆಗಿದೆ. ವಾಕ್ಯಗಳು ಚಿಕ್ಕದಾದ ಮೇಲೆ ಅಜ್ಜಿಯ ಮಾತಿಗೆ ಮೊದಲು ಒಂದು ನಿಲುಗಡೆ ಬಂದಿದೆ. ನೀವು ಅಂದಿರಿ, ಒಂದು ಕ್ಷಣ ಸುಮ್ಮನಾಯಿತು, ಅಜ್ಜಿ ಉತ್ತರ ಕೊಟ್ಟರು. ‘ಹೇಳಿದ್ದಕ್ಕೆ’ ಇದ್ದಾಗ ಆ ನಿಲುಗಡೆ ಇರಲಿಲ್ಲ.

ಉಳಿದ ಎರಡನ್ನು ಹಾಗೇ ಬಿಡಿ, ತುಂಬಿಸಲು ಹೋಗಬೇಡಿ. ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡು ಬರುವುದುಂಟು. ನಡುವೆ ಎಂಟರ್ ಒತ್ತಿದ್ದರೆ ಕೆಲವು ಫಾರ್ಮುಗಳು ಅದನ್ನು ಒಂದು ಅಂತ ತೋರಿಸಿ, ಕಳಿಸುವಾಗ ಎರಡು ಅಂತ ಎಣಿಸುತ್ತವೆ. ಕಣ್ಣಿಗೆ ಕಾಣದ ಇನ್ನೊಂದು ಗುರುತೂ ಇದೆ. ‘ಫಾರ್ಮ್‌ನಲ್ಲಿ’ ಥರದ ಪದಗಳಲ್ಲಿ ‘ಮ್’ ಮತ್ತು ‘ನ’ ಸೇರಿ ಒತ್ತಕ್ಷರ ಆಗದಂತೆ ನಡುವೆ ಒಂದು ತಡೆ ಇರುತ್ತದೆ. ಅದೂ ಒಂದು ಅಂತ ಎಣಿಕೆಗೆ ಬರುತ್ತದೆ. ಅಂಥ ಪದ ಬಂದರೆ ‘ಫಾರ್ಮಿನಲ್ಲಿ’ ಅಂತ ಬರೆಯಿರಿ, 12 ಇದ್ದದ್ದು 11 ಆಗುತ್ತದೆ, ಓದಲೂ ಸರಾಗ. ನಿಮ್ಮ ಕ್ಯಾಪ್ಷನ್ನಿನಲ್ಲಿ ಅದು ಇಲ್ಲ. ಇದನ್ನೇ ಎಕ್ಸ್‌ನಲ್ಲಿ ಹಾಕುವುದಾದರೆ ಅಲ್ಲಿನ 280ರ ಮಿತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ ಒಂದೇ ಲೆಕ್ಕ. ಎಮೋಜಿಗೆ ಎರಡು, ಕೊಂಡಿ ಎಷ್ಟೇ ಉದ್ದವಿದ್ದರೂ 23.

ಕಳಿಸುವ ಮೊದಲು ಒಂದು ತಪಾಸಣೆ ಬಾಕಿ ಇದೆ, ಅದು ಅರ್ಥದ್ದು. ನಾನು ಪತ್ರಿಕೆಯೊಂದಕ್ಕೆ ಫೋಟೋ ಅಡಿಬರಹಗಳನ್ನು ತಿದ್ದುತ್ತಿದ್ದಾಗ ಒಂದು ಹಳೇ ಮರದ ಚಿತ್ರ ಬಂದಿತ್ತು. ‘ಈ ಮರಕ್ಕೆ 200 ವರ್ಷವಂತೆ’ ಅಂತ ಫೋಟೋ ತೆಗೆದವರು ಬರೆದಿದ್ದರು. ಜಾಗ ನಾಲ್ಕು ಗುರುತು ಸಾಲಲಿಲ್ಲ. ‘ವಂತೆ’ ಸರಿಯಾಗಿ ನಾಲ್ಕು. ತೆಗೆದುಹಾಕಿದೆ. ಅಚ್ಚಾದ ಮೇಲೆ ಅವರು ಫೋನ್ ಮಾಡಿ, ‘ನಾನು ಕೇಳಿದ್ದನ್ನು ಕೇಳಿದ್ದು ಅಂತ ಬರೆದಿದ್ದೆ, ನೀವು ನೋಡಿದ್ದು ಅಂತ ಮಾಡಿಬಿಟ್ಟಿರಿ’ ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆವತ್ತಿನಿಂದ ಅಂತೆ, ಬಹುಶಃ, ಸುಮಾರು, ಕೂಡ, ಮಾತ್ರ ಇಂಥ ಚಿಕ್ಕ ಪದಗಳನ್ನು ತೆಗೆಯುವಾಗ ಪ್ರತಿ ಸಲ ನಿಂತು ನೋಡುತ್ತೇನೆ. ಅವು ಕತ್ತರಿಗೆ ಸುಲಭವಾಗಿ ಸಿಗುತ್ತವೆ, ಆದರೆ ಹೋದಾಗ ಮಾತಿನ ಸತ್ಯವೇ ಬದಲಾಗುತ್ತದೆ.

ನಿಮ್ಮದರಲ್ಲಿ ಅಂಥದ್ದು ಏನಾದರೂ ಆಗಿದೆಯಾ ಅಂತ ಹುಡುಕಿದೆ. ‘ಅಂದಿದ್ದಕ್ಕೆ’ ಚಿಕ್ಕದು ಮಾಡುವಾಗ ಒಂದು ಗಂಡಾಂತರ ಇತ್ತು. ‘ಕೊಡ್ತೀನಿ ಅಂದ್ರೆ’ ಅಂತಲೂ ಮಾಡಬಹುದಿತ್ತು, ಜಾಗ ಹೆಚ್ಚುಕಡಿಮೆ ಅಷ್ಟೇ. ಆದರೆ ‘ಅಂದ್ರೆ’ ಅಂದರೆ ಯಾವಾಗ ಕೇಳಿದರೂ ಅಜ್ಜಿ ಹೀಗೇ ಹೇಳುತ್ತಾರೆ ಅನ್ನುವ ಹಾಗೆ ಕೇಳಿಸುತ್ತದೆ. ಕನ್ನಡಕದ ವಿಷಯಕ್ಕೆ ಅದು ಸರಿ, ದಿನಾ ಹೇಳುವ ಮಾತು. ಬೆರಳಿನ ಮಾತು ಆ ಮಧ್ಯಾಹ್ನ ಒಮ್ಮೆ ಆಡಿದ್ದು. ಅದಕ್ಕೆ ‘ಅಂದೆ’ಯೇ ಆಗಬೇಕು.

ಕೊನೆಗೆ, ಫೋಟೋ ನೋಡಿರದ ಒಬ್ಬರಿಗೆ ಈ ಕ್ಯಾಪ್ಷನ್ ಓದಿ ಹೇಳಿ, ಏನಾಯಿತು ಅಂತ ಕೇಳಿ. ‘ಕಣ್ಣು ಕಾಣದಿದ್ದರೂ ಅಜ್ಜಿ ತಾವೇ ದಾರ ಪೋಣಿಸಿದರು’ ಅನ್ನುವ ಅರ್ಥದ ಮಾತು ಬಂದರೆ ವಿಷಯ ಉಳಿದಿದೆ. ‘ಅಜ್ಜಿ ಕನ್ನಡಕ ಹಾಕಲ್ಲ’ ಅನ್ನುವುದಷ್ಟೇ ಬಂದರೆ ಆ ವಾಕ್ಯ ಮುಂದೆ ನಿಂತು ಅಜ್ಜಿಯ ಮಾತನ್ನು ಮರೆಮಾಡಿದೆ ಅಂತ ಅರ್ಥ. ಆಗ ಕನ್ನಡಕದ ವಾಕ್ಯವನ್ನು ತೆಗೆದು ನೋಡಿ.

ಮುಂದೆ ಯಾವುದೋ ಇನ್ನೂ ಇಕ್ಕಟ್ಟಿನ ಫಾರ್ಮು 80 ಮಾತ್ರ ಕೊಟ್ಟರೆ ಇದೇ ಕ್ರಮದಲ್ಲಿ ಕೆಳಗಿಳಿಯಬಹುದು. ಮೊದಲು ಕನ್ನಡಕ, ಆಮೇಲೆ ನಿಮ್ಮ ಮಾತು, ಆಮೇಲೆ ಮನಸ್ಸಿಲ್ಲದಿದ್ದರೂ ವಯಸ್ಸು. ಗೆರೆ ಎಳೆದಿಟ್ಟ ಎರಡು ಮಾತು ಕೊನೆಯ ತನಕ ಉಳಿಯುತ್ತವೆ. ಅದು 79ರಲ್ಲಿ ಹೀಗೆ ಹಿಡಿಸುತ್ತದೆ:

> ‘ಕಣ್ಣಿಗೆ ಕಾಣಲ್ಲ ಕಣೋ, ಬೆರಳಿಗೆ ಗೊತ್ತು’ ಅಂದರು ಅಜ್ಜಿ. ಒಂದೇ ಸಲಕ್ಕೆ ಪೋಣಿಸಿಯೇ ಬಿಟ್ಟರು!